ತಂತಿಯನ್ನು ಕುಣಿಸುವ ಮೆಲುಗಾಳಿ

ಹೈಟೆನ್ಷನ್ ಲೈನಿನ ತಂತಿಗೆ ಬಿರುಗಾಳಿಗಿಂತ ಒಂದೇ ಸಮನೆ ಬೀಸುವ ಮೆಲುಗಾಳಿಯ ಕಾಟವೇ ದೀರ್ಘ. ದುಂಡನೆಯ ತಂತಿಯನ್ನು ದಾಟಿದ ಗಾಳಿ ಅದರ ಹಿಂದೆ ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಸುಳಿ ಬಿಡುತ್ತದೆ. ಹಾಗಾಗಿ ಗಾಳಿ ಅಡ್ಡ ಬೀಸಿದರೂ ತಂತಿ ಅದುರುವುದು ಮೇಲೆ ಕೆಳಗೆ.

ಸೆಕೆಂಡಿಗೆ ಎಷ್ಟು ಜೋಡಿ ಸುಳಿ? 1878ರಲ್ಲಿ ಜೆಕ್ ಭೌತವಿಜ್ಞಾನಿ ಸ್ಟ್ರೌಹಾಲ್, ಗಾಳಿಯಲ್ಲಿ ಹಾಡುವ ತಂತಿಗಳನ್ನು ಪರೀಕ್ಷಿಸಿ ಇದರ ಗುಟ್ಟು ಹಿಡಿದ. ಆವರ್ತನವನ್ನು ವ್ಯಾಸದಿಂದ ಗುಣಿಸಿ ಗಾಳಿಯ ವೇಗದಿಂದ ಭಾಗಿಸಿದರೆ ಸುಮಾರು 0.2 ಬರುತ್ತದೆ. ಮೀಟರು, ಸೆಕೆಂಡುಗಳೆಲ್ಲ ಹೊಡೆದುಹೋಗಿ ಉಳಿಯುವ ಬರೀ ಅಂಕಿ ಇದು. ಹೆಸರು ಸ್ಟ್ರೌಹಾಲ್ ಸಂಖ್ಯೆ. ತೀರಾ ನಿಧಾನದ ಹರಿವಿಗೂ, ಬಿರುಗಾಳಿಗೆ ಸಿಕ್ಕ ದಪ್ಪ ಚಿಮಣಿಗೂ ಈ 0.2 ಅನ್ನು ನಂಬುವಂತಿಲ್ಲ.

ತಂತಿಯ ವ್ಯಾಸ 30 ಮಿಲಿಮೀಟರ್, ಗಾಳಿ ಸೆಕೆಂಡಿಗೆ 3 ಮೀಟರ್ ಎನ್ನಿ. 0.2 ಅನ್ನು 3ರಿಂದ ಗುಣಿಸಿ 0.03ರಿಂದ ಭಾಗಿಸಿ: ಸೆಕೆಂಡಿಗೆ 20 ಸಲ. ಬಿಗಿದ ಉದ್ದನೆಯ ತಂತಿಗೆ ಸಹಜ ಕಂಪನಗಳು ಹಲವು. ಯಾವುದಾದರೊಂದು ಇದಕ್ಕೆ ತಾಳೆಯಾಗಿಯೇ ಆಗುತ್ತದೆ. ಅದುರಾಟ ಬೆರಳುದಪ್ಪವೂ ಇರದು, ಕಣ್ಣಿಗೆ ಬೀಳುವುದೂ ಕಷ್ಟ. ಆದರೆ ಕ್ಲಾಂಪಿನ ಬಳಿ ವರ್ಷಗಟ್ಟಲೆ ಬಾಗಿ ಬಾಗಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಟವರಿನ ಪಕ್ಕ ತಂತಿಗೆ ನೇತುಹಾಕಿದ, ಪುಟ್ಟ ಡಂಬೆಲ್ಲಿನಂಥ ಸ್ಟಾಕ್‌ಬ್ರಿಜ್ ಡ್ಯಾಂಪರ್ ಆ ಕಂಪನದ ಶಕ್ತಿಯನ್ನು ತಾನೇ ಹೀರುತ್ತದೆ.