ಸೆರಾಮಿಕ್ ಮುರಿಯುವ ಲೆಕ್ಕ

ಅಲ್ಯೂಮಿನಾದಂಥ ಸೆರಾಮಿಕ್ ಎಳೆತಕ್ಕೆ ಸಿಕ್ಕಾಗ ಸಾಮಾನ್ಯವಾಗಿ ಅದರ ಅತ್ಯಂತ ಅಪಾಯಕಾರಿ ಬಿರುಕಿನಿಂದಲೇ ಮುರಿಯುತ್ತದೆ. ಲೋಹದಲ್ಲಿ ಬಿರುಕಿನ ತುದಿ ಹಿಗ್ಗಿ ಮೊಂಡಾಗುತ್ತದೆ. ಇಲ್ಲಿ ತುದಿ ಚೂಪಾಗಿಯೇ ಉಳಿದು, ಒತ್ತಡವೆಲ್ಲ ಅಲ್ಲಿ ಕೂಡಿಕೊಳ್ಳುತ್ತದೆ. ಬಿರುಕು ಹರಡದಂತೆ ತಡೆಯುವ ವಸ್ತುವಿನ ಸಾಮರ್ಥ್ಯವನ್ನು ಮುರಿತ ಗಡಸುತನ (K) ಎನ್ನಬಹುದು. ಮುರಿಯುವ ಒತ್ತಡ ಹೀಗಿದೆ:

σ = K / (Y√(πa))

a ಎಂದರೆ ಮೇಲ್ಮೈ ಬಿರುಕಿನ ಆಳ, ಮೀಟರುಗಳಲ್ಲಿ. Y ಬಿರುಕಿನ ಆಕಾರಕ್ಕೆ ತಕ್ಕ ಸಂಖ್ಯೆ. ಅಂಚಿನ ನೇರ ಬಿರುಕಿಗೆ ಸುಮಾರು 1.12.

ಅಲ್ಯೂಮಿನಾದ K 4 MPa√m ಎಂದಿಟ್ಟುಕೊಳ್ಳೋಣ. ಉಜ್ಜುವಾಗ 50 ಮೈಕ್ರೋಮೀಟರ್ ಆಳದ ಗೀರು ಬಿದ್ದಿದ್ದರೆ √(πa) = 0.01253. ಆಗ σ = 4 / (1.12 × 0.01253), ಅಂದರೆ ಸುಮಾರು 285 MPa.

ಬಿಡಿಭಾಗ 400 MPa ತಾಳಲೇಬೇಕಾದರೆ? ಸೂತ್ರವನ್ನು ತಿರುಗಿಸಿದರೆ a = (4 / (1.12 × 400))² / π, ಸುಮಾರು 25 ಮೈಕ್ರೋಮೀಟರ್. ಕೂದಲೆಳೆಗಿಂತ ತೆಳುವಾದ ಇಂಥ ಬಿರುಕನ್ನು ಕಣ್ಣಿನಿಂದ ಹುಡುಕಿ ಪ್ರಯೋಜನವಿಲ್ಲ. ಆದ್ದರಿಂದ ಪ್ರತಿ ಬಿಡಿಭಾಗವನ್ನೂ ಮೊದಲೇ 400 MPa ಒತ್ತಡಕ್ಕೆ ಒಡ್ಡುತ್ತಾರೆ. ಮುರಿಯದೆ ಉಳಿದದ್ದರಲ್ಲಿ, ಆ ಎಳೆತ ತಾಗಿದ ಜಾಗದಲ್ಲಿ, ಇದಕ್ಕಿಂತ ಆಳದ ಅಂಥ ಬಿರುಕಿಲ್ಲ. ಈ ಭರವಸೆ ಪರೀಕ್ಷೆಯ ಕ್ಷಣಕ್ಕೆ ಮಾತ್ರ: ತೇವಾಂಶವಿದ್ದರೆ ಕಡಿಮೆ ಒತ್ತಡದಲ್ಲೂ ಬಿರುಕು ಮೆಲ್ಲಗೆ ಬೆಳೆಯುತ್ತದೆ.