ಮೊದಲ ಸಲ ಸ್ಟೇಜ್ ಹತ್ತೋ ಗೆಳತಿಗೆ ಏನಂತ ಮೆಸೇಜ್ ಹಾಕೋದು?

ಹೋದ ವರ್ಷ ಕಾಲೇಜಿನ ನಾಟಕದಲ್ಲಿ ನಮ್ಮ ರೂಮ್‌ಮೇಟ್ ಮೊದಲ ಸಲ ಬಣ್ಣ ಹಚ್ಚಿದ್ದ. ಪರದೆ ಏಳೋಕೆ ಐದು ನಿಮಿಷ ಇರುವಾಗ ನಾವು ಮೆಸೇಜ್ ಹಾಕಿದೆವು: "ಆಲ್ ದ ಬೆಸ್ಟ್ ಮಗಾ, ಟೆನ್ಷನ್ ಮಾಡ್ಕೋಬೇಡ. ಎರಡನೇ ಸೀನಿನ ಉದ್ದ ಡೈಲಾಗ್ ಒಂದು ಮರೀಬೇಡ." ಅವನು ಸರಿಯಾಗಿ ಅದನ್ನೇ ಮರೆತ. ರಾತ್ರಿ ಮೆಸ್ಸಿನಲ್ಲಿ ಹೇಳಿದ: "ಅದು ನಂಗೆ ಬಾಯಿಪಾಠ ಇತ್ತು ಕಣ್ರೋ. ನೀವು ನೆನಪಿಸಿದ ಮೇಲೆ ಶುರುವಿನಿಂದ ಅದನ್ನೇ ಕಾಯ್ತಾ ಕೂತೆ." ಈ ವರ್ಷ ಅವನು ಆಡಿಷನ್ ಕಡೆಗೇ ಬರಲಿಲ್ಲ. ಎಲ್ಲಾ ನಮ್ಮ ಮೆಸೇಜಿನದೇ ತಪ್ಪು ಅನ್ನಲಾರೆವು. ಆದರೆ ಇಲ್ಲ ಅನ್ನೋಕೂ ಬಾಯಿ ಬರ್ತಿಲ್ಲ.

ಹಾಗಾಗಿ ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಕ್ಲಾಸಿನ ಗೆಳತಿಯೊಬ್ಬಳು ಮೊದಲ ಬಾರಿಗೆ ಭಾವಗೀತೆ ಹಾಡ್ತಾಳೆ ಅಂತ ಗೊತ್ತಾದಾಗ, ಕಳಿಸೋ ಮುಂಚೆ ಸ್ವಲ್ಪ ಓದಿಕೊಂಡೆವು.

ಸ್ಟೇಜಿನ ಪಕ್ಕ ನಿಂತಾಗ ಮೈಯಲ್ಲಿ ಅಡ್ರಿನಲಿನ್ ಹರಿಯುತ್ತೆ. ಎದೆ ಹೊಡ್ಕೊಳ್ಳುತ್ತೆ, ಬಾಯಿ ಒಣಗುತ್ತೆ, ಬೆರಳು ನಡುಗುತ್ತೆ. ಇದು ಇಷ್ಟಪಟ್ಟು ಆರಿಸಿಕೊಳ್ಳೋ ವಿಷಯ ಅಲ್ಲ, ಆದ್ದರಿಂದ "ಟೆನ್ಷನ್ ಮಾಡ್ಕೋಬೇಡ" ಅಂದರೆ ಕೇಳುವವಳ ಕೈಲಿ ಮಾಡೋಕೆ ಏನೂ ಇರಲ್ಲ. ಎದೆಬಡಿತ ನಿಲ್ಲದಿದ್ದಾಗ "ಅಯ್ಯೋ, ಇನ್ನೂ ಹೋಗಿಲ್ವಲ್ಲ" ಅನ್ನೋ ಎರಡನೇ ಟೆನ್ಷನ್ ಸೇರಿಕೊಳ್ಳುತ್ತೆ. ಹಾರ್ವರ್ಡಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುಂಚೆ ಕೆಲವರು "ನಾನು ಶಾಂತವಾಗಿದ್ದೇನೆ" ಅಂತಲೂ, ಇನ್ನು ಕೆಲವರು "ನನಗೆ ಉತ್ಸಾಹ ಬಂದಿದೆ" ಅಂತಲೂ ಜೋರಾಗಿ ಹೇಳಿಕೊಂಡರು. ಎರಡನೆಯವರೇ ಚೆನ್ನಾಗಿ ಮಾತಾಡಿದರು. ಭಯಕ್ಕೂ ಉತ್ಸಾಹಕ್ಕೂ ಎದೆ ಒಂದೇ ಥರ ಬಡಿಯುತ್ತೆ. ಎಂಜಿನ್ ಆಫ್ ಮಾಡೋದಕ್ಕಿಂತ ಗೇರ್ ಬದಲಾಯಿಸೋದು ಸುಲಭ.

ಇನ್ನೊಂದು ಭಯ, ನಡುಗೋದು ಎಲ್ಲರಿಗೂ ಕಾಣ್ತಿದೆ ಅನ್ನೋದು. ಸವಿಟ್ಸ್ಕಿ ಮತ್ತು ಗಿಲೋವಿಚ್ 2003ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಒಳಗಿನ ಅಳುಕು ನಮಗೆ ಅನ್ನಿಸುವಷ್ಟು ಹೊರಗೆ ಕಾಣಲ್ಲ ಅಂತ ಮೊದಲೇ ತಿಳಿಸಿದವರ ಭಾಷಣ, ತಿಳಿಸದವರದಕ್ಕಿಂತ ಚೆನ್ನಾಗಿತ್ತು. ಒಂದು ಅಪವಾದ ಮಾತ್ರ ನಾವೇ ನೋಡಿದ್ದೇವೆ: ಕೈಯಲ್ಲಿ ತೆಳು ಹಾಳೆ ಹಿಡಿದರೆ ನಡುಕ ಕೊನೆಯ ಸಾಲಿಗೂ ಕಾಣುತ್ತೆ. ಒಂದು ತುದಿ ಹಿಡಿದ ಹಾಳೆ ಅಂದರೆ ಕ್ಯಾಂಟಿಲಿವರ್. ಬೆರಳಲ್ಲಿ ಚೂರು ಅಲುಗಿದ್ದು ಆ ತುದಿಯಲ್ಲಿ ಪಟಪಟ. ಸಾಹಿತ್ಯದ ಹಾಳೆಗೆ ಹಿಂದೆ ರಟ್ಟು ಕೊಟ್ಟರೆ ಮುಗೀತು. ಇದನ್ನ ಮೆಸೇಜಲ್ಲಿ ಬರೆಯದೆ, ರಿಹರ್ಸಲ್ ದಿನವೇ ರಟ್ಟು ತಂದುಕೊಟ್ಟೆವು.

ನಮ್ಮ ಮೊದಲ ಡ್ರಾಫ್ಟ್ ಹೀಗಿತ್ತು: "ಧೂಳೆಬ್ಬಿಸು! ಇಡೀ ಹಾಲ್ ನಿನಗೋಸ್ಕರ ಕಾಯ್ತಿದೆ. ನೀನು ಸೂಪರಾಗಿ ಹಾಡೇ ಹಾಡ್ತೀಯ. ಎರಡನೇ ಚರಣದಲ್ಲಿ ಅವಸರ ಮಾಡ್ಬೇಡ." ಓದಿದರೆ ಒಂದೊಂದು ಸಾಲೂ ಭಾರ. ಹಾಲ್ ತುಂಬಿದೆ ಅನ್ನೋದು ಅವಳ ಭಯವೇ. "ಹಾಡೇ ಹಾಡ್ತೀಯ" ಅಂದರೆ ಹಾಡದಿದ್ದರೆ ನಮಗೂ ಉತ್ತರ ಕೊಡಬೇಕು. ಕೊನೆಯದಂತೂ ಹೋದ ವರ್ಷದ ಡೈಲಾಗೇ. ಇಂಗ್ಲಿಷ್ ನಾಟಕದವರ ಹಾಗೆ "ಕಾಲು ಮುರ್ಕೋ" ಅಂತ ಹಾರೈಸೋಣ ಅಂದ ಒಬ್ಬ. ಅವಳ ಅಮ್ಮ ಆ ಫೋನ್ ನೋಡಿದ್ರೆ ನಮ್ಮ ಕಾಲು ಉಳೀತಿರಲಿಲ್ಲ.

ಕಳಿಸಿದ್ದು ಇದು:

"ಎದೆ ಹೊಡ್ಕೋತಿದ್ರೆ ಹೊಡ್ಕೊಳ್ಳಲಿ, ಹಾಡೋಕೆ ಮೈ ರೆಡಿ ಆಗ್ತಿದೆ ಅಷ್ಟೆ. ನಮಗೆ ಅದು ಕಾಣಲ್ಲ. ಶ್ರುತಿ ಕಿವಿಗೆ ಬೀಳೋವರೆಗೂ ಆರಾಮಾಗಿ ನಿಲ್ಲು, ನೀನು ರಿಹರ್ಸಲಲ್ಲಿ ಮಾಡ್ತಿದ್ದ ಹಾಗೆ. ನಾವು ಮೂರನೇ ಸಾಲಲ್ಲಿ, ಎಡಗಡೆ ಇರ್ತೀವಿ. ಹೇಗೇ ಆದ್ರೂ ಆಮೇಲೆ ಕ್ಯಾಂಟೀನಲ್ಲಿ ಮಸಾಲೆ ದೋಸೆ. ರಿಪ್ಲೈ ಬೇಡ."

ಶ್ರುತಿಯ ಮಾತು ಹೊಸ ಸಲಹೆ ಅಲ್ಲ, ಅವಳ ಅಭ್ಯಾಸವೇ. ಗಾಬರಿಯಾದಾಗ ಶ್ರುತಿ ಕೇಳಿಸಿಕೊಳ್ಳದೆ ಎತ್ತಿಬಿಟ್ಟರೆ, ಸ್ಥಾಯಿ ಮೇಲೆ ಹೋಗಿ ಚರಣದಲ್ಲಿ ಗಂಟಲು ಸಿಕ್ಕಿಹಾಕಿಕೊಳ್ಳುತ್ತೆ. ಯಾವ ಸಾಲಲ್ಲಿ ಕೂತಿದ್ದೇವೆ ಅಂದಿದ್ದು ಕಣ್ಣಿಗೊಂದು ಜಾಗ ಇರಲಿ ಅಂತ. ಮೆಸೇಜ್ ಹೋಗಿದ್ದು ಸುಮಾರು ಎರಡು ಗಂಟೆ ಮುಂಚೆ, ಅವಳು ಸೀರೆ ಉಟ್ಟು ಫೋನನ್ನ ಬ್ಯಾಗಿಗೆ ಹಾಕೋಕೆ ಮೊದಲು. ಆ ದಿನ ಫೋನೇ ಮುಟ್ಟದವರೂ ಇರ್ತಾರೆ, ಹಿಂದಿನ ದಿನವೇ ಕೇಳಿಕೊಳ್ಳಿ. ಇನ್ನು ಯಾರಾದರೂ ಗ್ರೀನ್ ರೂಮಲ್ಲಿ ಉಸಿರಾಡೋಕೇ ಕಷ್ಟಪಡ್ತಿದ್ದರೆ ಮೆಸೇಜ್ ಟೈಪ್ ಮಾಡ್ತಾ ಕೂರಬೇಡಿ, ಎದ್ದು ಹೋಗಿ.

ಅವಳು ಎರಡನೇ ಚರಣದಲ್ಲಿ ಒಂದು ಪದ ನುಂಗಿದಳಂತೆ. ದೋಸೆ ತಿನ್ನುವಾಗ ಅವಳೇ ಹೇಳಿದ್ದು, ಮೂರನೇ ಸಾಲಿನಲ್ಲಿ ಕೂತ ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ.