ಹಬ್ಬದ ಶುಭಾಶಯ ಪತ್ರ: ಖಾತೆಯ ಹೆಸರೇ ಬೇರೆ, ಕರೆಯುವ ಹೆಸರೇ ಬೇರೆ

ದೀಪಾವಳಿಯ ಸಂದರ್ಭದಲ್ಲಿ ಗ್ರಾಹಕರಿಗೆ ಶುಭಾಶಯ ಪತ್ರ ಕಳುಹಿಸುವ ವರ್ತಕರು ಸಾಮಾನ್ಯವಾಗಿ ಅನುಸರಿಸುವ ಕ್ರಮ ಒಂದೇ. ಟ್ಯಾಲಿಯಲ್ಲಿರುವ ಖಾತೆಗಳ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡು, ವರ್ಡ್‌ನ ಮೇಲ್ ಮರ್ಜ್ ಸೌಲಭ್ಯದಿಂದ ನೂರಾರು ಪತ್ರಗಳನ್ನು ಒಮ್ಮೆಗೇ ಮುದ್ರಿಸುತ್ತಾರೆ. ಎಡವಟ್ಟಿನ ಮೂಲವೂ ಇಲ್ಲಿಯೇ ಇದೆ. ಖಾತೆಯ ಹೆಸರನ್ನು ಗುಮಾಸ್ತರು ತಮ್ಮ ಅನುಕೂಲಕ್ಕಾಗಿ ಇಟ್ಟಿರುತ್ತಾರೆ. "ಮಂಜುನಾಥ ಟ್ರೇಡರ್ಸ್ – ಹಳೇ ಬಾಕಿ" ಎಂಬ ಖಾತೆ ಲೆಕ್ಕದ ಪುಸ್ತಕದಲ್ಲಿ ಸರಿಯೇ. ಅದೇ ಸಾಲು ಶುಭಾಶಯದ ನೆತ್ತಿಯ ಮೇಲೆ ಮುದ್ರಿತವಾದರೆ ಹಬ್ಬದ ದಿನವೇ ತಗಾದೆ ಪತ್ರ ಕಳುಹಿಸಿದಂತಾಗುತ್ತದೆ.

ಆದುದರಿಂದ ಮೊದಲು ಮಾಡಬೇಕಾದುದು ಪಟ್ಟಿಯ ವಿಂಗಡಣೆ. ಇದಕ್ಕೆ ಲೆಕ್ಕಪತ್ರದಲ್ಲಿಯೇ ಇರುವ ಜಿಎಸ್‌ಟಿ ನೋಂದಣಿ ಸಂಖ್ಯೆ ನೆರವಾಗುತ್ತದೆ. ಅದರ 15 ಅಕ್ಷರಗಳಲ್ಲಿ ಮೊದಲ 2 ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಅನಂತರದ 10 ಪ್ಯಾನ್ ಸಂಖ್ಯೆ. ಪ್ಯಾನ್‌ನ 4ನೇ ಅಕ್ಷರ, ಅಂದರೆ ನೋಂದಣಿ ಸಂಖ್ಯೆಯ 6ನೇ ಅಕ್ಷರ, ಗ್ರಾಹಕರ ಸ್ವರೂಪವನ್ನು ತಿಳಿಸುತ್ತದೆ. P ಎಂದರೆ ವ್ಯಕ್ತಿ, F ಪಾಲುದಾರಿಕೆ ಸಂಸ್ಥೆ, C ಕಂಪನಿ, H ಹಿಂದೂ ಅವಿಭಕ್ತ ಕುಟುಂಬ. ನೋಂದಣಿ ಸಂಖ್ಯೆ C ಕಾಲಂನಲ್ಲಿದ್ದರೆ ಪಕ್ಕದ ಖಾಲಿ ಕಾಲಂನಲ್ಲಿ ಈ ಸೂತ್ರ ಸಾಕು:

```
=MID(C2,6,1)
```

ಉದಾಹರಣೆಗೆ, ಒಬ್ಬ ಸಗಟು ವರ್ತಕರಿಗೆ 412 ಗ್ರಾಹಕರಿದ್ದಾರೆ ಎಂದಿಟ್ಟುಕೊಳ್ಳೋಣ. ಸೂತ್ರದ ಪ್ರಕಾರ 94 ಪಾಲುದಾರಿಕೆ ಸಂಸ್ಥೆಗಳು, 31 ಕಂಪನಿಗಳು, 12 ಅವಿಭಕ್ತ ಕುಟುಂಬಗಳು, 236 ವ್ಯಕ್ತಿಗಳು ದೊರೆಯುತ್ತಾರೆ; ಉಳಿದ 39 ಮಂದಿ ನೋಂದಣಿ ಇಲ್ಲದವರು. ಸಂಸ್ಥೆಗಳಿಗೆ "ಮಾನ್ಯ ಪಾಲುದಾರರೇ", ಕಂಪನಿಗಳಿಗೆ "ಮಾನ್ಯ ನಿರ್ದೇಶಕರೇ" ಎಂದು ಒಮ್ಮೆಗೇ ತುಂಬಬಹುದು. "ಶ್ರೀ ಮೆ|| ಮಂಜುನಾಥ ಟ್ರೇಡರ್ಸ್ ಅವರೇ" ಎಂಬಂತಹ ಸಂಬೋಧನೆ ಇಲ್ಲಿಗೇ ನಿಲ್ಲುತ್ತದೆ. ಅವಿಭಕ್ತ ಕುಟುಂಬದ ಪತ್ರವನ್ನು ಕರ್ತರ ಹೆಸರಿಗೆ ಬರೆಯುವುದು ಉಚಿತ.

ನಿಜವಾದ ಶ್ರಮ ಉಳಿಯುವುದು ವ್ಯಕ್ತಿಗಳ ವಿಷಯದಲ್ಲಿ. ಏಕಮಾಲೀಕತ್ವದ ಅಂಗಡಿಯಾದರೆ ಜಿಎಸ್‌ಟಿ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹುಡುಕಿದಾಗ ಮಾಲೀಕರ ಹೆಸರು ಕಾಣಿಸುತ್ತದೆ. ಆದರೆ ಅದು ಪ್ಯಾನ್‌ನಲ್ಲಿರುವಂತೆ ಇನಿಷಿಯಲ್‌ಗಳನ್ನು ಬಿಡಿಸಿ ಬರೆದ ಹೆಸರು. ಕೆ. ಎಸ್. ನಾಗರಾಜ್ ಎಂಬವರು ಅಲ್ಲಿ ಕಡೂರು ಶಿವಪ್ಪ ನಾಗರಾಜ್ ಆಗಿರುತ್ತಾರೆ. ಮೊದಲ ಪದವನ್ನೇ ಹೆಸರೆಂದು ತೆಗೆದುಕೊಂಡರೆ ಊರಿಗೆ ಶುಭಾಶಯ ಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ಕೊನೆಯ ಪದ ಸಾಮಾನ್ಯವಾಗಿ ಅಡ್ಡಹೆಸರಾದುದರಿಂದ ಕೊನೆಯ ಪದವನ್ನು ಆರಿಸುವ ನಿಯಮವೂ ಎಲ್ಲೆಡೆ ನಡೆಯದು. ಈ ಕೆಲಸವನ್ನು ಸೂತ್ರಕ್ಕೆ ಬಿಡದೆ, ಗ್ರಾಹಕರ ಮುಖಪರಿಚಯವಿರುವ ಮಾರಾಟ ಸಿಬ್ಬಂದಿ ಕುಳಿತು "ಸಂಬೋಧನೆ" ಎಂಬ ಪ್ರತ್ಯೇಕ ಕಾಲಂನಲ್ಲಿ "ಶ್ರೀ ನಾಗರಾಜ್ ಅವರೇ" ಎಂದು ಪೂರ್ಣವಾಗಿ ಬರೆಯಬೇಕು. ಮಹಿಳೆಯರಿಗೆ "ಸೌ||" ಬೇಡ, "ಶ್ರೀಮತಿ" ಸಾಕು; ಪತಿಯನ್ನು ಕಳೆದುಕೊಂಡವರಿಗೆ ಮೊದಲ ಶಬ್ದ ನೋವುಂಟುಮಾಡುತ್ತದೆ. ಸಂದೇಹವಿದ್ದಲ್ಲಿ ಜಾಗವನ್ನು ಖಾಲಿ ಬಿಡಬೇಕು. ಸಂಬೋಧನೆ E ಕಾಲಂನಲ್ಲಿದ್ದರೆ ಈ ಸೂತ್ರ ಖಾಲಿ ಜಾಗವನ್ನು ತುಂಬುತ್ತದೆ:

```
=IF(TRIM(E2)="","ಮಾನ್ಯ ಗ್ರಾಹಕರೇ",TRIM(E2))
```

ತಪ್ಪು ಹೆಸರಿಗಿಂತ ಹೆಸರಿಲ್ಲದ ಗೌರವದ ಮಾತು ಮೇಲು. ಸೂತ್ರ ಬರೆದ ಕಾಲಂ ಅನ್ನೇ ಪತ್ರಕ್ಕೆ ಜೋಡಿಸಬೇಕು.

ಅದೇ ಸಿಬ್ಬಂದಿಯಿಂದ ಇನ್ನೊಂದು ವಿಷಯವನ್ನೂ ಕೇಳಿ ತಿಳಿಯಬೇಕು: ಈ ವರ್ಷ ಯಾರ ಮನೆಯಲ್ಲಿ ಸಾವು ಸಂಭವಿಸಿದೆ? ಸೂತಕದ ವರ್ಷದಲ್ಲಿ ಅನೇಕ ಮನೆಗಳು ಹಬ್ಬ ಆಚರಿಸುವುದಿಲ್ಲ. ಮೃತರ ಹೆಸರಿನಲ್ಲಿಯೇ "ಹರ್ಷದ ದೀಪಾವಳಿ" ಬಂದರೆ ಹಲವು ವರ್ಷಗಳ ವ್ಯವಹಾರದ ಬಾಂಧವ್ಯಕ್ಕೆ ಪೆಟ್ಟು ಬೀಳುತ್ತದೆ. ಅಂತಹ ಸಾಲುಗಳನ್ನು ಪಟ್ಟಿಯಿಂದ ಪೂರ್ತಿಯಾಗಿ ತೆಗೆಯಬೇಕು.

ಕೊನೆಯದಾಗಿ ತಾಳೆ ನೋಡುವ ಕೆಲಸ. ಹೆಸರಿನ ಒಂದು ಕಾಲಂ ಮಾತ್ರ ಆರಿಸಿ ಅಕಾರಾದಿಯಾಗಿ ಜೋಡಿಸಿದರೆ ಎಕ್ಸೆಲ್ Sort Warning ತೋರಿಸುತ್ತದೆ. ಅಲ್ಲಿ Expand the selection ಬಿಟ್ಟು ಇನ್ನೊಂದನ್ನು ಒತ್ತಿದರೆ ಹೆಸರುಗಳು ಮಾತ್ರ ಸ್ಥಾನ ಬದಲಿಸಿ, ಒಬ್ಬರ ವಿಳಾಸಕ್ಕೆ ಇನ್ನೊಬ್ಬರ ಹೆಸರು ಸೇರುತ್ತದೆ. ಪ್ರತಿಯೊಂದು ಪತ್ರವೂ ನೋಡಲು ಸರಿಯಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳದು. ಆದುದರಿಂದ ಪತ್ರದ ಮೂಲೆಯಲ್ಲಿ ಗ್ರಾಹಕರ ಸಂಖ್ಯೆಯೂ ಬರುವಂತೆ ಮಾಡಿ, Edit Individual Documents ಮೂಲಕ ಪತ್ರಗಳನ್ನು ಮೊದಲು ತೆರೆಯ ಮೇಲೆ ತಂದುಕೊಳ್ಳಬೇಕು. ಮೊದಲ ಪತ್ರ, ಕೊನೆಯ ಪತ್ರ ಹಾಗೂ ನಡುವಿನ ಹತ್ತನ್ನು ಮೂಲ ಖಾತೆಯೊಡನೆ ಹೋಲಿಸಬೇಕು. ಒಂದು ಕಾಲಂನಲ್ಲಿ ಮಾತ್ರ ಒಂದು ಕೋಶ ಅಳಿಸಿಹೋಗಿದ್ದರೆ ಅದರ ಕೆಳಗಿನ ಸಾಲುಗಳೆಲ್ಲ ಮೇಲೆ ಸರಿದಿರುತ್ತವೆ. ಅದನ್ನು ಹಿಡಿದುಕೊಡುವುದು ಕೊನೆಯ ಪತ್ರವೇ. ಹೋಲಿಕೆ ಸರಿಬಂದ ಮೇಲಷ್ಟೇ ಮುದ್ರಣಕ್ಕೆ ಕೈಹಾಕುವುದು ಕ್ಷೇಮ.